ಹುತ್ತರಿ ವಿಡಿಯೋಗೆ ಸೈ ಎನಿಸಿದ ಕಾರ್ಡು ತೂಕದ ಲೆಕ್ಕಕ್ಕೆ ಯಾಕೆ ಕುಂಟಿತು?

ಜನವರಿ ತಿಂಗಳು. ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ ರೊಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಒಂದು ತೋಟದ ರೈಟರ್ ಬಂದರು. ನನ್ನದು ಮೊಬೈಲ್ ರಿಪೇರಿ ಅಂಗಡಿ, ಅವರು ಹಳೇ ಪರಿಚಯ. ಫೋನನ್ನು ಮೇಜಿನ ಮೇಲಿಟ್ಟು, "ತಮ್ಮ, ಇದಕ್ಕೊಂದು ದಾರಿ ಮಾಡು. ಚೀಲ ಹೊತ್ತುಕೊಂಡು ಜನ ಸಾಲಲ್ಲಿ ನಿಂತಿರ್ತಾರೆ, ಇದು ಸುಮ್ನೆ ಸುತ್ತುತ್ತಾ ಇರ್ತದೆ" ಅಂದರು.

ಅವರ ಕೆಲಸ ಹೀಗೆ. ಕೊಯ್ಲಿನ ದಿನಗಳಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ಕಣದ ಹತ್ತಿರ ತಕ್ಕಡಿ ಇಟ್ಟು ಒಬ್ಬೊಬ್ಬರ ಚೀಲ ತೂಗುತ್ತಾರೆ. ಫೋನಿನ ಲೆಕ್ಕದ ಆ್ಯಪಿನಲ್ಲಿ ಹೆಸರು ಆರಿಸಿ, ತೂಕ ಒತ್ತಿ, ತಕ್ಕಡಿಯ ಫೋಟೋ ತೆಗೆದು ಸೇವ್ ಮಾಡಬೇಕು. ಆಮೇಲೆ ತಕರಾರು ಬಂದರೆ ಆ ಫೋಟೋವೇ ಸಾಕ್ಷಿ. ಅವರ ತೋಟದಲ್ಲಿ ಆಗ 46 ಜನ ಕೊಯ್ಯುತ್ತಿದ್ದರು. ಒಬ್ಬರಿಗೆ ಮೂರು ಚೀಲ ಅಂತ ಹಿಡಿದರೂ ಸಂಜೆಗೆ ಸುಮಾರು 140 ಎಂಟ್ರಿ. ಒಂದೊಂದು ಎಂಟ್ರಿಗೆ ಎಂಟು ಸೆಕೆಂಡ್ ಕಾದರೆ, ಬರೀ ಕಾಯುವುದಕ್ಕೇ ಹದಿನೆಂಟು ನಿಮಿಷ ಹೋಗುತ್ತದೆ. ಇಡೀ ದಿನ ಬೆನ್ನು ಬಗ್ಗಿಸಿ ಕೊಯ್ದು, ಮನೆಗೆ ಹೋಗಿ ಅಡುಗೆ ಮಾಡಬೇಕಾದ ಹೆಂಗಸರು ಕತ್ತಲಲ್ಲಿ ನಿಂತು ಕಳೆಯುವ ಹದಿನೆಂಟು ನಿಮಿಷ ಅದು. ನನಗೆ ಈ ಕೇಸು ಮನಸ್ಸಿಗೆ ತಾಗಿದ್ದು ಅಲ್ಲಿ.

ಫೋನು ನಾಲ್ಕು ವರ್ಷ ಹಳೆಯದು. 3 ಜಿಬಿ ರ‍್ಯಾಮ್, ಒಳಗೆ 32 ಜಿಬಿ ಜಾಗ. ಡಿಸೆಂಬರಿನಲ್ಲಿ ಜಾಗ ತುಂಬಿತ್ತು. ಹುತ್ತರಿ ಹಬ್ಬ ಕಳೆದ ಮೇಲೆ ತೋಟದ ಮಾಲೀಕರ ಮಗ ತನ್ನ ಕ್ಯಾಮೆರಾದ 128 ಜಿಬಿ ಮೈಕ್ರೋ ಎಸ್‌ಡಿ ಕಾರ್ಡನ್ನು ಇವರಿಗೆ ಕೊಟ್ಟಿದ್ದ. "ಒಳ್ಳೇ ಕಾರ್ಡು, ಮಂದ್‌ನಲ್ಲಿ ಕೋಲಾಟ ಪೂರ್ತಿ ಇದರಲ್ಲೇ ಶೂಟ್ ಮಾಡಿದ್ದು, ಒಂದು ಕಡೆಯೂ ಕಟ್ ಆಗಿಲ್ಲ" ಅಂದಿದ್ದನಂತೆ. ಅವನು ಹೇಳಿದ್ದು ಸುಳ್ಳಲ್ಲ. ಈ ಕೇಸಿನ ಗಂಟು ಇರುವುದೂ ಅಲ್ಲೇ.

ಕಾರ್ಡ್ ಹಾಕಿದಾಗ ಫೋನ್ ಒಂದು ಪ್ರಶ್ನೆ ಕೇಳಿತ್ತು: ಫೋಟೋ, ವಿಡಿಯೋ ಇಡುವ ಹೊರಗಿನ ಡಬ್ಬಿಯ ಹಾಗೆ ಬಳಸುವುದಾ, ಅಥವಾ ಫೋನಿನ ಒಳಜಾಗಕ್ಕೇ ಸೇರಿಸಿಕೊಳ್ಳುವುದಾ? ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ ಈ ಎರಡನೇ ದಾರಿ ಇದೆ. ಎಲ್ಲ ಕಂಪನಿಗಳೂ ತಮ್ಮ ಫೋನಿನಲ್ಲಿ ಅದನ್ನು ಕೊಡುವುದಿಲ್ಲ, ಇವರ ಫೋನಿನಲ್ಲಿ ಇತ್ತು. ಜಾಗ ಜಾಸ್ತಿ ಬೇಕಲ್ವಾ ಅಂತ ರೈಟರಣ್ಣ ಎರಡನೆಯದನ್ನೇ ಒತ್ತಿದ್ದರು. ಫಾರ್ಮ್ಯಾಟ್ ಆದ ಮೇಲೆ, ಕಾರ್ಡ್ ನಿಧಾನ ಇದ್ದ ಹಾಗಿದೆ, ಆ್ಯಪ್‌ಗಳು ತಡವರಿಸಬಹುದು ಅಂತ ಫೋನೇ ಎಚ್ಚರಿಕೆ ಕೊಟ್ಟಿತ್ತು. ಅದು ಅವರಿಗೆ ನೆನಪಿದೆ. "ಏನೋ ಬಂತು, ಮುಂದೆ ಅಂತ ಒತ್ತಿದೆ" ಅಂದರು. ಆಮೇಲೆ ಫೋಟೋಗಳ ಜೊತೆಗೆ ಲೆಕ್ಕದ ಆ್ಯಪೂ ಕಾರ್ಡಿಗೆ ಹೋಯಿತು.

ನೆಟ್‌ವರ್ಕಾ, ಫೋನಾ, ಕಾರ್ಡಾ

ನಮ್ಮ ಕಡೆ ಫೋನ್ ನಿಧಾನ ಅಂದ ತಕ್ಷಣ ಎಲ್ಲರೂ ಬೈಯುವುದು ನೆಟ್‌ವರ್ಕನ್ನು. ಆದ್ದರಿಂದ ಮೊದಲು ಅದನ್ನೇ ಆಟದಿಂದ ಹೊರಗೆ ಹಾಕಿದೆ. ಆ ಆ್ಯಪ್ ಎಂಟ್ರಿಯನ್ನು ಮೊದಲು ಫೋನಿನಲ್ಲೇ ಬರೆದುಕೊಂಡು, ಸಿಗ್ನಲ್ ಸಿಕ್ಕಾಗ ಮೇಲಕ್ಕೆ ಕಳಿಸುವಂಥದ್ದು. ಏರೋಪ್ಲೇನ್ ಮೋಡ್ ಹಾಕಿ, ಅವರಿಂದಲೇ ಹತ್ತು ಸುಳ್ಳು ಎಂಟ್ರಿ ಮಾಡಿಸಿದೆ, ಗಡಿಯಾರ ಹಿಡಿದು ನೋಡಿದೆ. ಬೇಗ ಆದದ್ದು ಮೂರು ಸೆಕೆಂಡ್, ತಡ ಆದದ್ದು ಹದಿನಾಲ್ಕು. ಸರಾಸರಿ ಸುಮಾರು ಎಂಟು. ಸಿಗ್ನಲ್ಲೇ ಇಲ್ಲದಾಗಲೂ ಅಷ್ಟೇ ತಡ ಅಂದರೆ ತಪ್ಪು ನೆಟ್‌ವರ್ಕಿನದ್ದಲ್ಲ.

ಆ ಸೆಕೆಂಡುಗಳಲ್ಲಿ ಇದ್ದ ಏರುಪೇರು ನನಗೆ ಮುಖ್ಯ ಅನಿಸಿತು. ಪ್ರೊಸೆಸರ್ ಬಡವಾಗಿದ್ದರೆ ಎಲ್ಲ ಎಂಟ್ರಿಗಳೂ ಹೆಚ್ಚುಕಮ್ಮಿ ಒಂದೇ ತರಹ ನಿಧಾನ ಆಗುತ್ತವೆ. ಒಂದು ಮೂರು, ಇನ್ನೊಂದು ಹದಿನಾಲ್ಕು ಅಂತ ಜಿಗಿದರೆ ಬರೆಯುವ ಜಾಗದ ಮೇಲೆ ಅನುಮಾನ ಬರಬೇಕು.

ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಈ ಕಮಾಂಡ್ ಹಾಕಿದೆ:

```
adb shell sm list-volumes all
```

ಬಂದ ಸಾಲುಗಳಲ್ಲಿ `private:179,66 mounted` ಅಂತ ಒಂದಿತ್ತು. ಕಾರ್ಡ್ ಒಳಜಾಗದ ಪಾಲಾಗಿದೆ ಅನ್ನುವುದಕ್ಕೆ ಅದೇ ಗುರುತು. ಬರೀ ಹೊರಗಿನ ಕಾರ್ಡ್ ಆಗಿದ್ದರೆ ಆ ಜಾಗದಲ್ಲಿ `public` ಅಂತ ಇರುತ್ತಿತ್ತು. ಇದನ್ನು ಗೊತ್ತು ಮಾಡಿಕೊಳ್ಳದೆ ಕಾರ್ಡಿಗೆ ಕೈ ಹಾಕಬಾರದು. ಒಳಜಾಗವಾದ ಕಾರ್ಡನ್ನು ಫೋನ್ ಬೀಗ ಹಾಕಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಇಟ್ಟಿರುತ್ತದೆ. ಅದರ ಕೀ ಆ ಫೋನಿನೊಳಗೆ ಮಾತ್ರ ಇರುತ್ತದೆ. ಕಾರ್ಡ್ ತೆಗೆದು ಬೇರೆ ಕಡೆ ಹಾಕಿದರೆ ಏನೂ ಕಾಣುವುದಿಲ್ಲ. ಫೋನನ್ನು ರೀಸೆಟ್ ಮಾಡಿದರೆ ಕೀ ಹೋಯಿತು, ಅದರ ಜೊತೆ ಕಾರ್ಡಿನಲ್ಲಿದ್ದದ್ದೂ ಹೋಯಿತು. "ನಿಧಾನ ಆಗಿದೆ, ರೀಸೆಟ್ ಹೊಡಿ" ಅನ್ನುವ ಸಲಹೆ ಇಂಥ ಫೋನಿಗೆ ವಿಷ. ಅದೃಷ್ಟಕ್ಕೆ ಯಾರೂ ಹಾಗೆ ಮಾಡಿರಲಿಲ್ಲ.

ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಲೆಕ್ಕದ ಆ್ಯಪನ್ನು ತೆರೆದು, `Storage` ಒಳಗೆ ಹೋಗಿ, `Change` ಒತ್ತಿ, ಅದನ್ನು ಫೋನಿನ ಸ್ವಂತ ಜಾಗಕ್ಕೆ ವಾಪಸ್ ಕಳಿಸಿದೆ. ನಾಲ್ಕು ನಿಮಿಷ ಹಿಡಿಯಿತು. ಫೋಟೋಗಳು ಇನ್ನೂ ಕಾರ್ಡಿನಲ್ಲೇ ಇದ್ದವು, ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮತ್ತೆ ಹತ್ತು ಎಂಟ್ರಿ. ಹತ್ತೂ ಒಂದೊಂದು ಸೆಕೆಂಡಿನೊಳಗೆ ಮುಗಿದವು.

ರೈಟರಣ್ಣ ಮಾತಾಡಲಿಲ್ಲ. ಹನ್ನೊಂದನೆಯದನ್ನು ಅವರೇ ಇನ್ನೊಂದು ಸಲ ಮಾಡಿ ನೋಡಿದರು. ಆ ಸುಳ್ಳು ಎಂಟ್ರಿಗಳನ್ನೆಲ್ಲ ಅಲ್ಲೇ ಕೂತು ಅಳಿಸಿದೆವು. ಕೂಲಿ ಲೆಕ್ಕದಲ್ಲಿ ಒಂದು ಕಿಲೋ ಉಳಿದುಕೊಂಡರೂ ತಲೆನೋವು.

ಕಾರ್ಡಿನ ಮೈಮೇಲೆ ಇದ್ದದ್ದು, ಇಲ್ಲದ್ದು

ಮಾರನೇ ದಿನದ ತೂಕಕ್ಕೆ ಇಷ್ಟು ಸಾಕಿತ್ತು. ಪೂರ್ತಿ ಕೆಲಸಕ್ಕೆ ಅವರು ಭಾನುವಾರ ಬಂದರು. ಕಾರ್ಡಿನಲ್ಲಿದ್ದದ್ದನ್ನೆಲ್ಲ ಇಳಿಸಿಕೊಂಡ ಮೇಲೆ (ಅದರ ಕತೆ ಆಮೇಲೆ ಹೇಳುತ್ತೇನೆ) ಕಾರ್ಡನ್ನು ಹೊರಗೆ ತೆಗೆದು, ಬೋರ್ಡ್ ಬೆಸುಗೆ ಹಾಕುವಾಗ ಬಳಸುವ ಭೂತಗನ್ನಡಿ ಕೆಳಗೆ ಇಟ್ಟು ಅವರಿಗೂ ತೋರಿಸಿದೆ.

ಕಿರುಬೆರಳಿನ ಉಗುರಿನಷ್ಟು ಕಪ್ಪು ಕಾರ್ಡು. ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿದ್ದದ್ದು 128, ಅದರ ಕೆಳಗೆ 100 ಎಂಬಿ ವೇಗ. ಮೂಲೆಯಲ್ಲಿ ಇಂಗ್ಲಿಷಿನ ಸಿ ಅಕ್ಷರದ ಹೊಟ್ಟೆಯೊಳಗೆ 10. ಪಕ್ಕದಲ್ಲಿ ಯು ಅಕ್ಷರದ ಬಟ್ಟಲಿನೊಳಗೆ 1. ಅದರ ಪಕ್ಕ ವಿ10. ಇಷ್ಟೆಲ್ಲ ನೋಡಿದರೆ ಮೂರು ಪದಕ ಗೆದ್ದ ಕಾರ್ಡಿನ ಹಾಗೆ ಕಾಣುತ್ತದೆ. ಆದರೆ ಆ ಮೂರೂ ಹೇಳುವುದು ಒಂದೇ ಮಾತು: ಒಂದೇ ಸಮನೆ, ಉದ್ದಕ್ಕೆ ಬರೆಯುತ್ತಾ ಹೋದರೆ ಸೆಕೆಂಡಿಗೆ 10 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ. ಯು3 ಮತ್ತು ವಿ30 ಅಂದರೆ ಅದೇ ಮಾತು 30 ಎಂಬಿಗೆ. ವಿ ಅನ್ನುವುದು ವಿಡಿಯೋದ ವಿ. ದೊಡ್ಡದಾಗಿ ಬರೆದ 100 ಇದೆಯಲ್ಲ, ಅದು ಓದುವಾಗ ಹೆಚ್ಚೆಂದರೆ ಮುಟ್ಟಬಹುದಾದ ವೇಗ. ಅದು ಗ್ಯಾರಂಟಿ ಅಲ್ಲ, ಬರೆಯುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಮಾಲೀಕರ ಮಗನ ಕ್ಯಾಮೆರಾಗೆ ಬೇಕಾದದ್ದು ಈ ಉದ್ದದ ಬರವಣಿಗೆ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್ ಅಂತಿಟ್ಟುಕೊಳ್ಳಿ. ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಎಂಬಿ. ಗ್ಯಾರಂಟಿ 10 ಇದ್ದರೂ ಈ ಕಾರ್ಡು ನಿಜವಾಗಿ ಅದಕ್ಕಿಂತ ತುಂಬ ಜಾಸ್ತಿ ಕೊಡುತ್ತಿತ್ತು, ಅದಕ್ಕೇ ಕೋಲಾಟ ಕಟ್ ಆಗಲಿಲ್ಲ. ಫೋನಿನಲ್ಲಿ ತೆಗೆಯುವ ಸಾಮಾನ್ಯ ಫುಲ್ ಎಚ್‌ಡಿ ವಿಡಿಯೋಗೆ ಸೆಕೆಂಡಿಗೆ ಎರಡು ಎರಡೂವರೆ ಎಂಬಿ ಸಾಕು. ಹತ್ತರ ಕಾರ್ಡು ಅದಕ್ಕೆ ಧಾರಾಳ.

ಆ ಕಾರ್ಡಿನ ಮೇಲೆ ಇಲ್ಲದೇ ಇದ್ದದ್ದು ಎ1 ಅನ್ನುವ ಗುರುತು. ಆ್ಯಪ್‌ಗಳಿಗೆ ಸಂಬಂಧಪಟ್ಟ ಗುರುತು ಅದೊಂದೇ. ಅದು ಬಂದದ್ದು 2016ರಲ್ಲಿ, ಅದರ ಅಣ್ಣ ಎ2 ಬಂದದ್ದು 2017ರಲ್ಲಿ. ಅಲ್ಲಿ ಎಂಬಿ ಲೆಕ್ಕಕ್ಕಿಂತ ಸಣ್ಣ ಸಣ್ಣ ಕೆಲಸಗಳ ಲೆಕ್ಕ ಮುಖ್ಯ. ಚೆದುರಿ ಬಿದ್ದಿರುವ 4 ಕೆಬಿ ತುಂಡುಗಳನ್ನು ಸೆಕೆಂಡಿಗೆ ಎಷ್ಟು ಸಲ ಓದಬಲ್ಲದು, ಎಷ್ಟು ಸಲ ಬರೆಯಬಲ್ಲದು? ಎ1 ಅಂದರೆ ಕನಿಷ್ಠ 1500 ಓದು, 500 ಬರಹ. ಎ2 ಅಂದರೆ 4000 ಮತ್ತು 2000.

ರೈಟರಣ್ಣನಿಗೆ ನಾನು ಹೇಳಿದ್ದು ಅವರ ತೋಟದ ಲೆಕ್ಕದಲ್ಲೇ. ಹೊಲಿದು ಅಟ್ಟಿ ಇಟ್ಟ ಕಾಫಿ ಚೀಲಗಳನ್ನು ಲಾರಿಗೆ ತುಂಬಬೇಕು. ಎಲ್ಲ ಒಂದೇ ಕಡೆ ಇವೆ. ನಾಲ್ಕು ಜನ ನಿಂತರೆ ನೋಡ್ತಾ ನೋಡ್ತಾ ಲಾರಿ ತುಂಬುತ್ತದೆ. ಅದು ವಿಡಿಯೋ. ಈಗ ಅದೇ ನಾಲ್ಕು ಜನರಿಗೆ, ಈ ಗೋಡೌನಿನ ಒಂದು ಚೀಲದಿಂದ ಒಂದು ಹಿಡಿ ತನ್ನಿ, ಆ ಗೋಡೌನಿನ ಇನ್ನೊಂದರಿಂದ ಒಂದು ಹಿಡಿ ತನ್ನಿ, ಪ್ರತಿ ಹಿಡಿಗೂ ನನ್ನ ಹತ್ತಿರ ಬಂದು ಸಹಿ ಹಾಕಿಸಿಕೊಂಡು ಹೋಗಿ ಅಂದರೆ? "ಸಾಯಂಕಾಲ ಆದ್ರೂ ಒಂದು ಚೀಲ ತುಂಬೂದಿಲ್ಲ ಮಾರಾಯ" ಅಂದರು. ಲೆಕ್ಕದ ಆ್ಯಪ್ ಮಾಡುವುದು ಈ ಎರಡನೇ ತರಹದ ಕೆಲಸ. ಹೆಸರು ಒಂದು ಕಡೆ, ತೂಕ ಇನ್ನೊಂದು ಕಡೆ, ದಿನದ ಮೊತ್ತ ಮತ್ತೊಂದು ಕಡೆ. ಪ್ರತಿಯೊಂದೂ ನಿಜವಾಗಿ ಕಾರ್ಡಿಗೆ ಇಳಿಯಿತಾ ಅಂತ ಖಾತ್ರಿ ಮಾಡಿಕೊಂಡೇ ಮುಂದಕ್ಕೆ ಹೋಗುತ್ತದೆ. ಹಾಗೆ ಮಾಡಲೇಬೇಕು. ಇಲ್ಲದಿದ್ದರೆ ಮಧ್ಯದಲ್ಲಿ ಬ್ಯಾಟರಿ ಸತ್ತಾಗ ಯಾರದೋ ಕೂಲಿ ಮಾಯ ಆಗುತ್ತದೆ.

ಕಾರ್ಡಿಗೆ ಈ ಕೆಲಸ ಯಾಕೆ ಅಷ್ಟು ಕಷ್ಟ ಅಂದರೆ, ಇದರ ಚಿಪ್‌ನಲ್ಲಿ ಬರೆದದ್ದರ ಮೇಲೇ ತಿದ್ದಿ ಬರೆಯಲು ಆಗುವುದಿಲ್ಲ. ಮೊದಲು ಅಳಿಸಬೇಕು, ಅಳಿಸುವುದು ಎಂಬಿಗಟ್ಟಲೆ ದೊಡ್ಡ ತುಂಡಾಗಿ ಮಾತ್ರ. 4 ಕೆಬಿ ಬದಲಾಯಿಸಲು ಕೆಲವೊಮ್ಮೆ ಅಕ್ಕಪಕ್ಕದ್ದನ್ನೆಲ್ಲ ಎತ್ತಿ ಬೇರೆ ಕಡೆ ಇಟ್ಟು, ಆಮೇಲೆ ಜಾಗ ಖಾಲಿ ಮಾಡಬೇಕಾಗುತ್ತದೆ. ಫೋನಿನ ಒಳಗಿನ ಚಿಪ್‌ನಲ್ಲೂ ಇದೇ ತೊಂದರೆ ಇದೆ. ಆದರೆ ಅದರ ಕಂಟ್ರೋಲರ್ ಈ ಕೆಲಸಕ್ಕೆಂದೇ ತಯಾರಾದದ್ದು. ಅಗ್ಗದ ಕಾರ್ಡಿನ ಕಂಟ್ರೋಲರ್ ಒಂದೆರಡು ಉದ್ದನೆಯ ಫೈಲುಗಳನ್ನು ನೋಡಿಕೊಳ್ಳಲು ಮಾತ್ರ ಸಾಲುತ್ತದೆ.

ಅಳತೆ

ಕಾರ್ಡನ್ನು ಯುಎಸ್‌ಬಿ 3 ರೀಡರಿನಲ್ಲಿ ಹಾಕಿ ಲ್ಯಾಪ್‌ಟಾಪಿನಲ್ಲಿ `CrystalDiskMark` ಓಡಿಸಿದೆ. ಅದರಲ್ಲಿ ನಾಲ್ಕು ಸಾಲು ಬರುತ್ತವೆ, ನೋಡಬೇಕಾದದ್ದು ಎರಡೇ. `SEQ1M Q8T1` ಉದ್ದದ ಕೆಲಸ. `RND4K Q1T1` ಚೆದುರಿದ ಕೆಲಸ. ಮೊದಲ ಸಾಲಿನಲ್ಲಿ ಬರಹ ಸೆಕೆಂಡಿಗೆ 38 ಎಂಬಿ ಬಂತು, ಅಂದರೆ ಗ್ಯಾರಂಟಿಯ ಸುಮಾರು ನಾಲ್ಕರಷ್ಟು. ಎರಡನೇ ಸಾಲಿನಲ್ಲಿ ಬರಹ ಬರೀ 0.45 ಎಂಬಿ. ಅದನ್ನು 4 ಕೆಬಿಯ ತುಂಡುಗಳಾಗಿ ಎಣಿಸಿದರೆ ಸೆಕೆಂಡಿಗೆ ಸುಮಾರು 110 ಸಲ. ಎ1 ಕೇಳುವುದು 500.

110ರ ಲೆಕ್ಕ ಒಂದರಿಂದಲೇ ಎಂಟು ಸೆಕೆಂಡ್ ಕಾಯುವುದು ಪೂರ್ತಿ ಅರ್ಥ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಎಂಟ್ರಿಗೆ ಅಷ್ಟೊಂದು ಸಣ್ಣ ಬರಹ ಬೇಕಿಲ್ಲ. ಆದರೆ ಫೋನಿನಲ್ಲಿ ಅದೇ ಹೊತ್ತಿಗೆ ತಕ್ಕಡಿಯ ಫೋಟೋ ಸೇವ್ ಆಗುತ್ತಿತ್ತು, ಗ್ಯಾಲರಿ ಅದರ ಚಿಕ್ಕ ಚಿತ್ರ ಮಾಡಿಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಕಿಂಡಿ. ಅದರ ಮೇಲೆ, 110 ಅನ್ನುವುದು ಸರಾಸರಿ. ಕಾರ್ಡ್ ತನ್ನೊಳಗೆ ಜಾಗ ಹೊಂದಿಸಿಕೊಳ್ಳುವಾಗ ಸ್ವಲ್ಪ ಹೊತ್ತು ಪೂರ್ತಿ ನಿಂತೇ ಬಿಡುತ್ತದೆ. ಮೂರು ಮತ್ತು ಹದಿನಾಲ್ಕರ ಏರುಪೇರಿಗೆ ನನ್ನ ಪ್ರಕಾರ ಅದೇ ಕಾರಣ.

ನಕಲಿ ಕಾರ್ಡ್ ಇರಬಹುದಾ ಅನ್ನುವ ಸಂಶಯವೂ ಇತ್ತು. ಒಳಗೆ 16 ಜಿಬಿ ಇಟ್ಟು 128 ಅಂತ ಸುಳ್ಳು ತೋರಿಸುವ ಕಾರ್ಡುಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಅದನ್ನು ಗೊತ್ತು ಮಾಡಲು ಇರುವ ನಂಬಿಕೆಯ ದಾರಿ ಕಾರ್ಡನ್ನು ಪೂರ್ತಿ ತುಂಬಿ ಓದಿ ನೋಡುವುದು. `H2testw` ಅದನ್ನೇ ಮಾಡುತ್ತದೆ. ಬರೆಯಲು ಐವತ್ತೈದು ನಿಮಿಷ, ಓದಲು ಅರ್ಧ ಗಂಟೆ ಹಿಡಿಯಿತು. `Test finished without errors` ಅಂತ ಬಂತು. ಕಾರ್ಡು ಅಸಲಿ, ಗಟ್ಟಿಯಾಗಿಯೂ ಇತ್ತು. ಅದಕ್ಕೆ ಕೊಟ್ಟ ಕೆಲಸ ಮಾತ್ರ ತಪ್ಪಾಗಿತ್ತು.

ಇಳಿಸುವ ಕೆಲಸ

ಇನ್ನು ಇಳಿಸಿಕೊಂಡ ಕತೆ. ಕಾರ್ಡ್ ತೆಗೆದು ರೀಡರಿನಲ್ಲಿ ಓದಲು ಆಗದ್ದರಿಂದ ಫೋನಿನ ಕೇಬಲಿನಲ್ಲೇ ಎಲ್ಲ ಹೊರಗೆ ಬರಬೇಕು. ಚಾರ್ಜ್ ತುಂಬಿಸಿಕೊಂಡು, ಲ್ಯಾಪ್‌ಟಾಪನ್ನು ಯುಪಿಎಸ್‌ಗೆ ಹಾಕಿ ಶುರು ಮಾಡಿದೆ. ಮಧ್ಯದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದೇನಲ್ಲ.

ಮೂರು ದೊಡ್ಡ ವಿಡಿಯೋ, ಒಟ್ಟು 3.6 ಜಿಬಿ, ಎರಡೂವರೆ ನಿಮಿಷದಲ್ಲಿ ಬಂದವು. ವಾಟ್ಸ್‌ಆ್ಯಪಿನ ಚಿತ್ರಗಳ ಫೋಲ್ಡರ್ ಬರೀ 2.1 ಜಿಬಿ, ಆದರೆ ಒಳಗೆ ಹದಿನಾಲ್ಕು ಸಾವಿರ ಫೈಲು. ಅದಕ್ಕೆ ಐವತ್ತು ನಿಮಿಷ. ರೈಟರಣ್ಣ ಹೋಗಿ ಕಾಫಿ ಕುಡಿದು ಬಂದರು, ಮತ್ತೆ ಹೋಗಿ ಮೀನು ತಗೊಂಡು ಬಂದರು, ಅದು ಇನ್ನೂ ಓಡುತ್ತಲೇ ಇತ್ತು. ಜಿಬಿ ಕಡಿಮೆ, ಹೊತ್ತು ಜಾಸ್ತಿ. ಕೇಬಲಿನಲ್ಲಿ ಒಂದೊಂದು ಫೈಲಿಗೂ ಬೇರೆ ಬೇರೆ ಕೇಳಿ ತರಿಸಿಕೊಳ್ಳುವ ಕ್ರಮ ಇರುವುದರಿಂದ ಹೀಗಾಗುತ್ತದೆ.

ಫೈಲುಗಳ ಎಣಿಕೆ ಎರಡು ಕಡೆಯೂ ಒಂದೇ ಇದೆಯಾ ಅಂತ ನೋಡಿ, ಅಲ್ಲಲ್ಲಿ ಹತ್ತಿಪ್ಪತ್ತು ಫೋಟೋ ತೆರೆದು ನೋಡಿ, ಆಮೇಲೆ ದೊಡ್ಡದ್ದನ್ನು ಫೋನಿನಿಂದ ಅಳಿಸಿದೆ. ಹಾಗೆ ಅಳಿಸಿದರೆ ಮಾತ್ರ ಉಳಿದದ್ದು 32 ಜಿಬಿಯ ಒಳಗೆ ವಾಪಸ್ ಹಿಡಿಸುತ್ತದೆ. ಆಮೇಲೆ ಸ್ಟೋರೇಜ್ ಪುಟದಲ್ಲಿ ಫೋನಿನ ಒಳಜಾಗವನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ `Migrate data` ಒತ್ತಿದೆ. ಕಾರ್ಡಿಗೆ ಹೋಗಿದ್ದ ಇನ್ನೆರಡು ಆ್ಯಪ್‌ಗಳನ್ನು ಒಂದೊಂದಾಗಿ ಈ ಕಡೆ ತಂದೆ. ಎಲ್ಲ ಬಂದ ಮೇಲೆ ಕೊನೆಗೆ `Format as portable`. ಮತ್ತೆ ಅದೇ ಕಮಾಂಡ್ ಹಾಕಿದಾಗ `public:179,65` ಅಂತ ಬಂತು.

ಕಾರ್ಡನ್ನು ಎಸೆಯಲಿಲ್ಲ, ಅದೇ ಫೋನಿಗೆ ಹಾಕಿದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫೋಟೋ ಸೇವ್ ಆಗುವ ಜಾಗವನ್ನು ಕಾರ್ಡಿಗೆ ಬದಲಾಯಿಸಿದೆ. ಲೆಕ್ಕದ ಆ್ಯಪಿನಲ್ಲೂ ಹಾಗೆ ಆರಿಸುವ ಅವಕಾಶ ಇತ್ತು. ಹಾಡು, ಹಳೇ ವಿಡಿಯೋ, ಎಲ್ಲ ಕಾರ್ಡಿಗೆ. ಆ್ಯಪ್‌ಗಳು, ಅವುಗಳ ಲೆಕ್ಕದ ಫೈಲುಗಳು ಫೋನಿನಲ್ಲಿ. ವಾಟ್ಸ್‌ಆ್ಯಪ್ ತನ್ನ ಫೋಟೋಗಳನ್ನು ಹೊರಗಿನ ಕಾರ್ಡಿಗೆ ನೇರವಾಗಿ ಇಳಿಸುವುದಿಲ್ಲ. ಅದರಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆ. ಫೋನಿನಲ್ಲಿ 9 ಜಿಬಿ ಖಾಲಿ ಉಳಿಯಿತು. ಇದು ಮುಖ್ಯ, ಯಾಕೆಂದರೆ ಒಳಜಾಗ ಕಂಠಮಟ್ಟ ತುಂಬಿದರೆ ಒಳ್ಳೇ ಚಿಪ್ಪೂ ನಿಧಾನ ಆಗುತ್ತದೆ.

"ಎ2 ಕಾರ್ಡ್ ತಂದು ಒಳಜಾಗಕ್ಕೇ ಸೇರಿಸಿದ್ರೆ ಆಗ್ತಿರ್ಲಿಲ್ವಾ?" ಅಂತ ರೈಟರಣ್ಣ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎ2 ತನ್ನ ವೇಗ ಮುಟ್ಟಬೇಕಾದರೆ ಫೋನು ಅದಕ್ಕೆ ಕೆಲಸಗಳನ್ನು ಸಾಲಾಗಿ ಒಟ್ಟಿಗೆ ಕೊಡಬೇಕು, ಕಾರ್ಡಿನೊಳಗಿನ ಕ್ಯಾಶ್ ಅನ್ನುವ ತಾತ್ಕಾಲಿಕ ಜಾಗ ಬಳಸಬೇಕು. ಅದು ಗೊತ್ತಿಲ್ಲದ ಹಳೇ ಫೋನಿನಲ್ಲಿ ಎ2ಗೆ ಕೊಟ್ಟ ಜಾಸ್ತಿ ದುಡ್ಡು ಕೆಲಸಕ್ಕೆ ಬರುವುದಿಲ್ಲ. ಒಳಜಾಗಕ್ಕೆ ಸೇರಿಸಲೇಬೇಕು ಅನ್ನುವವರಿಗೆ ಎ1 ಸಾಕು, ಅದಕ್ಕಿಂತ ಕೆಳಗಿನದು ಬೇಡ ಅನ್ನುತ್ತೇನೆ. ಆದರೆ ಕೂಲಿ ಲೆಕ್ಕ ಇಡುವ ಫೋನಿಗೆ ನಾನು ಅದನ್ನೂ ಹೇಳುವುದಿಲ್ಲ. ಕಾರ್ಡ್ ಒಂದು ದಿನ ಕೆಟ್ಟರೆ, ಒಳಜಾಗಕ್ಕೆ ಸೇರಿಸಿದ್ದಾಗ ಫೋಟೋದ ಜೊತೆ ಆ್ಯಪಿನ ಲೆಕ್ಕವೂ ಹೋಗುತ್ತದೆ. ಹೊರಗಿನದ್ದಾಗಿದ್ದರೆ ಫೋಟೋ ಮಾತ್ರ.

ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ ಅವರು ಮತ್ತೆ ಬಂದರು, ತೂಕದ ಫೋಟೋಗಳನ್ನು ಮಾಲೀಕರಿಗೆ ಪೆನ್‌ಡ್ರೈವಿನಲ್ಲಿ ಕೊಡಬೇಕು ಅಂತ. ಸೆಟ್ಟಿಂಗ್ಸ್‌ನಲ್ಲಿ ಕಾರ್ಡನ್ನು ಇಜೆಕ್ಟ್ ಮಾಡಿ, ಹೊರಗೆ ತೆಗೆದು, ರೀಡರಿಗೆ ಹಾಕಿದೆ. 4,100 ಫೋಟೋ, 12 ಜಿಬಿ ಹತ್ತಿರ. ಲ್ಯಾಪ್‌ಟಾಪಿಗೆ ಇಳಿಯಲು ಮೂರು ನಿಮಿಷವೂ ಹಿಡಿಯಲಿಲ್ಲ. ಕಾಫಿಗೆ ಹೋಗಬೇಕು ಅಂತ ಎದ್ದಿದ್ದ ರೈಟರಣ್ಣ ಮತ್ತೆ ಕೂತರು.